ಪ್ರಶ್ನೆ 34: ಹೇಬರ್ ವಿಧಾನದಲ್ಲಿ ತಾಪ, ಒತ್ತಡ ಮತ್ತು ವೇಗವರ್ಧಕವನ್ನು ಹೇಗೆ ಹೊಂದಿಸುತ್ತಾರೆ? ವಿವರಿಸಿ.

ಉತ್ತರ:

N₂ + 3H₂ ⇌ 2NH₃, ΔH = −92 kJ

ನೈಟ್ರೋಜನ್ ಮತ್ತು ಹೈಡ್ರೋಜನ್ ಸೇರಿ ಅಮೋನಿಯಾ ಆಗುವ ಈ ಕ್ರಿಯೆ ಶಾಖ ಹೊರಬಿಡುತ್ತದೆ. ಹಾಗಾಗಿ ಲೆ ಶಾಟೆಲಿಯರ್ ತತ್ವದ ಪ್ರಕಾರ ತಾಪ ಕಡಿಮೆ ಇದ್ದಷ್ಟೂ ಸಮತೋಲನದಲ್ಲಿ ಅಮೋನಿಯಾ ಜಾಸ್ತಿ. ಹಾಗಾದರೆ ತಣ್ಣಗೇ ನಡೆಸಬಹುದಲ್ವಾ? ಆಗುವುದಿಲ್ಲ. ನೈಟ್ರೋಜನ್ ಅಣುವಿನ ತ್ರಿಬಂಧ ಮುರಿಯಲು ಸುಮಾರು 945 kJ/mol ಬೇಕು. ತಣ್ಣಗಿದ್ದರೆ ಕ್ರಿಯೆ ಮುಂದಕ್ಕೇ ಹೋಗುವುದಿಲ್ಲ. ಇಡೀ ವಿಧಾನದ ಕಷ್ಟ ಇರುವುದು ಇಲ್ಲೇ: ಇಳುವರಿ ಬೇಕೆಂದರೆ ವೇಗ ಹೋಗುತ್ತದೆ, ವೇಗ ಬೇಕೆಂದರೆ ಇಳುವರಿ ಹೋಗುತ್ತದೆ.

ಈ ಗಂಟು ಬಿಡಿಸುವುದು ವೇಗವರ್ಧಕ. ಅದು ಸಮತೋಲನವನ್ನು ಬದಲಿಸುವುದಿಲ್ಲ. ಸಕ್ರಿಯಗೊಳಿಸುವ ಶಕ್ತಿಯನ್ನಷ್ಟೇ ಇಳಿಸುತ್ತದೆ. ನೈಟ್ರೋಜನ್ ಕಬ್ಬಿಣದ ಮೇಲ್ಮೈಗೆ ಅಂಟಿಕೊಂಡಾಗ ಅದರ ಬಂಧ ಸಡಿಲವಾಗಿ ಒಡೆಯುತ್ತದೆ. ಹೇಬರ್ ಮೊದಲು ಆಸ್ಮಿಯಂ ಬಳಸಿದ್ದರು, ಆದರೆ ಅದು ತೀರಾ ಅಪರೂಪದ ಲೋಹ. ರಸಾಯನಶಾಸ್ತ್ರಜ್ಞ ಮಿಟ್ಟಾಶ್ ಅವರ ತಂಡ ಸಾವಿರಾರು ಪ್ರಯೋಗ ಮಾಡಿ ಅಗ್ಗದ ಕಬ್ಬಿಣವನ್ನೇ ಆರಿಸಿತು. ಅದಕ್ಕೆ K₂O, Al₂O₃ ಸ್ವಲ್ಪ ಬೆರೆಸುತ್ತಾರೆ. ಈ ಕಬ್ಬಿಣ ಚುರುಕಾಗಲು ಸುಮಾರು 400 °C ಬೇಕು. ಆದ್ದರಿಂದಲೇ 400–500 °C ಸುಮ್ನೆ ಆರಿಸಿದ ಅಂಕಿಯಲ್ಲ.

ತಾಪದಿಂದ ಆದ ನಷ್ಟವನ್ನು ಒತ್ತಡ ತುಂಬುತ್ತದೆ. 4 ಮೋಲ್ ಅನಿಲ 2 ಮೋಲ್ ಆಗುವುದರಿಂದ ಒತ್ತಡ ಏರಿದರೆ ಇಳುವರಿಯೂ ಏರುತ್ತದೆ, ವೇಗವೂ ಹೆಚ್ಚುತ್ತದೆ. ಆದರೂ ಸಾಮಾನ್ಯವಾಗಿ 150–250 atm ಸಾಕು ಎನ್ನುತ್ತಾರೆ. ಅದಕ್ಕಿಂತ ಮೇಲೆ ಕಂಪ್ರೆಸರ್, ದಪ್ಪ ಉಕ್ಕಿನ ಖರ್ಚು ವಿಪರೀತ.

ಇಷ್ಟಾದರೂ ಒಂದು ಸುತ್ತಿನಲ್ಲಿ ಸುಮಾರು 15% ಮಾತ್ರ ಅಮೋನಿಯಾ ಆಗುತ್ತದೆ. ಅದನ್ನು ತಂಪುಮಾಡಿ ದ್ರವವಾಗಿ ಬೇರ್ಪಡಿಸಿ, ಉಳಿದ ಅನಿಲವನ್ನು ಮತ್ತೆ ಒಳಗೆ ಕಳಿಸುತ್ತಾರೆ. ಹೀಗೆ ಒಟ್ಟು ಪರಿವರ್ತನೆ 97% ದಾಟುತ್ತದೆ.