ಹಳೆಯ ನಾಲಾಗಳ ಮೇಲೆ ಸ್ಲ್ಯಾಬ್ ಬೇಡ

ವಿಜಯಪುರದ ಪಕ್ಕದಲ್ಲಿ ದೊಡ್ಡ ಹೊಳೆಯಿಲ್ಲ, ನೆರೆ ಎಲ್ಲಿಂದ ಬರಬೇಕು ಎಂದು ಕೇಳುವವರು ಜಾಸ್ತಿ. ಕೃಷ್ಣಾ, ಭೀಮಾ ಎರಡೂ ದೂರ. ಮಳೆಯೂ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಅಷ್ಟೇ. ಆದರೆ ಆ ಮಳೆ ಹದವಾಗಿ ಬರುವುದಿಲ್ಲ. ಸೆಪ್ಟೆಂಬರ್ ಮುಗಿಯುವ ಹೊತ್ತಿಗೆ ಒಂದೇ ರಾತ್ರಿ ಧೋ ಎಂದು ಸುರಿಯುತ್ತದೆ. 2009ರ ಮಳೆಯನ್ನು ಉತ್ತರ ಕರ್ನಾಟಕ ಇನ್ನೂ ಮರೆತಿಲ್ಲ.

ಒಂದು ಲೆಕ್ಕ ನೋಡಿ. ಒಂದು ಎಕರೆ ಜಾಗದ ಮೇಲೆ 50 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 2 ಲಕ್ಷ ಲೀಟರ್ ನೀರು. ಹೊಲವಾಗಿದ್ದರೆ ಸ್ವಲ್ಪವಾದರೂ ಇಂಗುತ್ತದೆ. ನಮ್ಮ ಎರೆಮಣ್ಣು ಒಮ್ಮೆ ನೆನೆದು ಉಬ್ಬಿದರೆ ಆಮೇಲೆ ನೀರನ್ನು ಬೇಗ ಒಳಗೆ ಬಿಡುವುದಿಲ್ಲ. ಕಾಂಕ್ರೀಟ್ ಅಂಗಳವಂತೂ ಒಂದು ಹನಿಯನ್ನೂ ಕುಡಿಯುವುದಿಲ್ಲ. ಬಡಾವಣೆ ಬೆಳೆದಷ್ಟೂ ನಾಲಾಗೆ ಬರುವ ನೀರು ಹೆಚ್ಚಬೇಕು, ಅಲ್ವಾ? ನಾವು ಮಾತ್ರ ನಾಲಾವನ್ನೇ ಸಣ್ಣದು ಮಾಡುತ್ತಿದ್ದೇವೆ.

ನಮ್ಮ ಬಡಾವಣೆಯ ನಾಲಾಗೆ ಸ್ಲ್ಯಾಬ್ ಮುಚ್ಚಿ ಮೇಲೆ ಪಾರ್ಕಿಂಗ್ ಮಾಡುವ ಮಾತು ಈಗ ನಡೆದಿದೆ. ನಾನು ಇದನ್ನು ಒಪ್ಪುವುದಿಲ್ಲ. ತೆರೆದ ನಾಲಾದಲ್ಲಿ ಹೂಳು ತುಂಬಿದರೆ ಕಣ್ಣಿಗೆ ಕಾಣುತ್ತದೆ, ಜೆಸಿಬಿ ಇಳಿಸಿ ತೆಗೆಸಬಹುದು. ಸ್ಲ್ಯಾಬಿನ ಕೆಳಗೆ ಪ್ಲಾಸ್ಟಿಕ್, ಕಲ್ಲು, ಕೆಸರು ಸಿಕ್ಕಿಕೊಂಡರೆ ನೀರು ಮನೆಯೊಳಗೆ ನುಗ್ಗಿದ ಮೇಲೆಯೇ ಗೊತ್ತಾಗುವುದು. ಅದನ್ನು ತೆಗೆಯಲು ಬಡ ಪೌರಕಾರ್ಮಿಕನನ್ನೇ ಕತ್ತಲೆಗೆ ಇಳಿಸುತ್ತಾರೆ. ಇದು ನನಗೆ ಸಹಿಸಲಾಗದ ಮಾತು.

ಹಳೆಯ ನಾಲಾ ಇಳಿಜಾರು ನೋಡಿಕೊಂಡು ತಾನೇ ಹರಿದು ಮಾಡಿಕೊಂಡ ದಾರಿ. ಅದಕ್ಕೆ ಕಟ್ಟಡ ಅಡ್ಡ ಬಂದರೂ ನೀರು ಆ ತಗ್ಗನ್ನೇ ಹುಡುಕುತ್ತದೆ. ಬೆಳಗಾವಿಯಲ್ಲಿ ಬಳ್ಳಾರಿ ನಾಲಾ ಉಕ್ಕಿದಾಗ ಪಕ್ಕದ ಭತ್ತದ ಗದ್ದೆಗಳು ಮುಳುಗುವುದನ್ನು ಅಲ್ಲಿನ ರೈತರು ಮತ್ತೆ ಮತ್ತೆ ಕಂಡಿದ್ದಾರೆ.

ಆದಿಲ್‌ಶಾಹಿಗಳ ಊರು ನಮ್ಮದು. ದೂರದ ತೊರವಿಯಿಂದ ಸುರಂಗದಲ್ಲಿ ನೀರು ತಂದು ಗಂಜ್ ಎಂಬ ನೀರಿನ ಗೋಪುರಗಳ ಮೂಲಕ ಹಂಚಿದವರು ಅವರು. ಕೋಟೆಯ ಸುತ್ತಲಿನ ಕಂದಕವನ್ನು ಶತ್ರುವನ್ನು ತಡೆಯಲೆಂದು ತೋಡಿದರು, ನಿಜ. ಆದರೆ ಇಂದು ಅದೇ ಕಂದಕ ಜೋರು ಮಳೆಯ ನೀರನ್ನು ಹಿಡಿದಿಡಬಲ್ಲ ದೊಡ್ಡ ಜಾಗ. ಅದರಲ್ಲಿ ಮಣ್ಣು, ಕಟ್ಟಡದ ಕಸ ಸುರಿದರೆ ಪರಂಪರೆಯೂ ಹೋಗುತ್ತದೆ, ನೀರಿನ ಜಾಗವೂ ಹೋಗುತ್ತದೆ.

ವಾಸನೆ, ಸೊಳ್ಳೆ ಅಂತ ಜನ ಬೇಸರಪಡುವುದು ಸುಮ್ನೆ ಅಲ್ಲ. ನಾಲಾ ದಂಡೆಯ ಮನೆಯವರಿಗೆ ಅದು ದಿನದ ಗೋಳು. ಆದರೆ ಆ ವಾಸನೆ ಮಳೆನೀರಿನದಲ್ಲ, ನಾವು ಬಿಟ್ಟ ಗಟಾರದ ನೀರಿನದು. ಒಳಚರಂಡಿಯನ್ನು ಬೇರೆ ಮಾಡಿದರೆ ಆ ತೊಂದರೆ ಬಹಳಷ್ಟು ಇಳಿಯುತ್ತದೆ.

ಮಹಾನಗರ ಪಾಲಿಕೆ ಹಳೆಯ ಸರ್ವೆ ನಕಾಶೆ ಹಿಡಿದು ಪ್ರತಿ ನಾಲಾದ ಅಗಲ ಅಳೆದು ಎರಡೂ ಕಡೆ ಕಲ್ಲು ನೆಡಲಿ. ಜೂನ್‌ಗೆ ಮೊದಲೇ ಹೂಳು ತೆಗೆಸಲಿ, ತೆಗೆದ ಹೂಳನ್ನು ದಂಡೆಯ ಮೇಲೆ ಬಿಡದೆ ಅಂದೇ ಸಾಗಿಸಲಿ. ಪಾರ್ಕಿಂಗಿಗೆ ಬೇರೆ ಜಾಗ ಹುಡುಕಲಿ.