ಚಿತ್ರೀಕರಣ ಸೂಚನೆ: ಕಂದು ಹ್ಯಾಂಡ್‌ಬ್ಯಾಗ್ ಮತ್ತು ಪರ್ಸ್

ಬ್ಯಾಗನ್ನು ಕಪ್ಪು ಕಡಪ ಕಲ್ಲಿನ ಮೇಲೆ ತುಸು ಓರೆಯಾಗಿ ನಿಲ್ಲಿಸಿ. ಒಳಗೆ ಕಾಗದ ತುಂಬಿದರೆ ಹೊಟ್ಟೆ ಕುಸಿಯುವುದಿಲ್ಲ. ಪರ್ಸ್ ಅದರ ಮುಂದೆ ಅರ್ಧ ತೆರೆದಿರಲಿ.

ಬೆಳಕು ಎಡಗಡೆಯಿಂದ ಮಾತ್ರ, ದೊಡ್ಡ ಸಾಫ್ಟ್‌ಬಾಕ್ಸ್‌ನಿಂದ, ಚರ್ಮವನ್ನು ಸವರಿಕೊಂಡು ಹೋಗುವಂತೆ ಬರಲಿ. ನೇರ ಎದುರಿನಿಂದ ಬಿದ್ದರೆ ಮೇಲ್ಮೈಯ ಸಣ್ಣ ರಂಧ್ರಗಳು, ದನದ ಕತ್ತಿನ ಭಾಗದ ಸುಕ್ಕುಗಳು ಅಳಿಸಿಹೋಗಿ ಅಸಲಿ ತೊಗಲೂ ರೆಕ್ಸಿನ್‌ನಂತೆ ಕಾಣುತ್ತದೆ. ಬಲಗಡೆ ಬಿಳಿ ಹಲಗೆಯೊಂದು ಸಾಕು. ನೆರಳು ಪೂರ್ತಿ ಕರಗುವುದು ಬೇಡ. ಮುಚ್ಚಳದ ಮೇಲಿನ ಸಣ್ಣ ಗೀರನ್ನು ಕಂಪ್ಯೂಟರ್‌ನಲ್ಲಿ ತಿದ್ದಬೇಡಿ. ಅದು ದನದ ಮೈಮೇಲಿದ್ದದ್ದು, ನಮ್ಮ ತಪ್ಪಲ್ಲ.

ಒಂದು ಚಿತ್ರ ಹೊಲಿಗೆಗೇ ಮೀಸಲು: ಮೇಣ ಹಚ್ಚಿದ ಕೆನೆಬಣ್ಣದ ದಾರ, ಅಕ್ಕಿಕಾಳು ಸಾಲಿಟ್ಟಂತೆ ಒಂದೇ ಓರೆಯಲ್ಲಿ ಸಾಗುವ ಕೈಹೊಲಿಗೆ. ಮ್ಯಾಕ್ರೋ ಲೆನ್ಸ್, ಎಫ್/11, ಟ್ರೈಪಾಡ್ ಬಳಸಿ.

ಹಿತ್ತಾಳೆಯ ಬಕಲ್, ಬಳೆ, ಜಿಪ್‌ಗಳನ್ನು ಒರೆಸಿದ ಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಅವುಗಳಲ್ಲಿ ಕ್ಯಾಮೆರಾ ಪ್ರತಿಫಲಿಸದಂತೆ ಬಿಳಿ ಕಾಗದ ಅಡ್ಡ ಹಿಡಿಯಿರಿ. ಅಂಚಿನಲ್ಲಿ ಮಾತ್ರ ಮಿಂಚಿನ ಗೆರೆ ಉಳಿಯಲಿ. ಪೋಲರೈಸರ್ ಅತಿಯಾದರೆ ಚರ್ಮದ ಹೊಳಪೂ ಸಾಯುತ್ತದೆ, ಅರ್ಧ ತಿರುಗಿಸಿದರೆ ಸಾಕು. ಬಣ್ಣ ಬೆಲ್ಲದ ಕಡೆಗೆ ವಾಲಲಿ, ಕೆಂಪಿಗೆ ಬೇಡ.