ಇಮೇಲ್, ಮೊಬೈಲ್ ನಂಬರ್ ಬದಲಿಸುವ ಮುನ್ನ: ಕರೆ ತೆಗೆದುಕೊಳ್ಳುವವರ ಚೆಕ್‌ಲಿಸ್ಟ್

ಒಂದು ಗೆರೆಗೆ ಟಿಕ್ ಬೀಳದಿದ್ದರೂ ‘ಸೇವ್’ ಒತ್ತಬೇಡಿ. ನಂಬರ್ ಬದಲಾದ ಮೇಲೆ ಒಟಿಪಿ, ಪಾಸ್‌ವರ್ಡ್ ರೀಸೆಟ್ ಲಿಂಕ್ ಎಲ್ಲವೂ ಹೊಸಬರ ಕೈಗೇ ಹೋಗುತ್ತವೆ.

ಕರೆ ಬಂದ ಕೂಡಲೇ

☐ ಖಾತೆಯಲ್ಲಿರುವ ನಂಬರಿನಿಂದಲೇ ಕರೆ ಬಂದಿದ್ದರೂ ಅದನ್ನು ಪುರಾವೆ ಅಂತ ಎಣಿಸಿಲ್ಲ. ಪರದೆ ಮೇಲೆ ಬೇರೆಯವರ ನಂಬರ್ ಕಾಣಿಸುವಂತೆ ಮಾಡುವುದು ಕಷ್ಟವೇನಲ್ಲ.

☐ ಖಾತೆಯ ಯಾವ ವಿವರವನ್ನೂ ನಾನಾಗಿ ಓದಿ ಹೇಳಿಲ್ಲ. ‘ನಿಮ್ಮ ಇಮೇಲ್ ಇದೇ ಅಲ್ವಾ?’ ಅಂದರೆ ಉತ್ತರ ನಾವೇ ಕೊಟ್ಟ ಹಾಗೆ. ‘ಖಾತೆಯಲ್ಲಿರುವ ಇಮೇಲ್ ಹೇಳ್ತೀರಾ?’ ಎಂದು ಕೇಳಿ.

☐ ಕಳೆದ 7 ದಿನಗಳ ದಾಖಲೆ ನೋಡಿದ್ದೇನೆ. ಪಾಸ್‌ವರ್ಡ್ ರೀಸೆಟ್, ಹೊಸ ಫೋನಿನಿಂದ ಲಾಗಿನ್ ಅಥವಾ ಇದೇ ಕೋರಿಕೆಯ ಇನ್ನೊಂದು ಕರೆ ಇದ್ದರೆ ಅಲ್ಲೇ ನಿಲ್ಲಿಸಿ, ಶಿಫ್ಟ್ ಲೀಡ್‌ಗೆ ಕೊಡಿ.

ಗುರುತು

☐ ನಂಬರ್ ಬದಲಿಸಲು ಹಳೆಯ ಇಮೇಲ್‌ಗೆ, ಇಮೇಲ್ ಬದಲಿಸಲು ಹಳೆಯ ನಂಬರಿಗೆ ಒಟಿಪಿ ಕಳಿಸಿದ್ದೇನೆ. ಗ್ರಾಹಕರು ಅದನ್ನು ಆ್ಯಪ್‌ನಲ್ಲಿ ತಾವೇ ಒತ್ತಿದ್ದಾರೆ. ಬಾಯಲ್ಲಿ ಹೇಳಿಸಿಕೊಳ್ಳಬೇಡಿ. ನಮಗೆ ಹೇಳಿ ರೂಢಿಯಾದವರು ನಾಳೆ ಕಳ್ಳರಿಗೂ ಹೇಳುತ್ತಾರೆ.

☐ ಒಟಿಪಿ ಜೊತೆಗೆ ಖಾತೆಯ ಬಳಕೆ ಬಗ್ಗೆ ಎರಡು ಪ್ರಶ್ನೆ ಕೇಳಿದ್ದೇನೆ: ಕೊನೆಯ ಆರ್ಡರ್ ಏನು, ಖಾತೆ ತೆರೆದದ್ದು ಸುಮಾರು ಯಾವಾಗ. ಹುಟ್ಟಿದ ದಿನ, ತಾಯಿಯ ಹೆಸರು ಬೇಡ. ಅವು ಸೋಷಿಯಲ್ ಮೀಡಿಯಾದಲ್ಲೇ ಸಿಗುತ್ತವೆ.

☐ ಉತ್ತರ ತಪ್ಪಿದಾಗ ಯಾವುದು ತಪ್ಪು ಅಂತ ಹೇಳಿಲ್ಲ.

‘ಫೋನೂ ಕಳೆದಿದೆ, ಇಮೇಲೂ ತೆರೆಯುತ್ತಿಲ್ಲ’ ಅಂದರೆ

ಜಾಸ್ತಿ ಎಡವುವುದು ಇಲ್ಲೇ. ಹೋದ ತಿಂಗಳು ಒಬ್ಬ ಹೆಂಗಸು ಅಳುತ್ತಾ ಫೋನ್ ಮಾಡಿದರು. ಹಿಂದೆ ಮಗುವಿನ ಅಳು. ಹೆಸರು, ವಿಳಾಸ, ಕೊನೆಯ ಆರ್ಡರ್ ಎಲ್ಲ ಸರಿ ಹೇಳಿದರು. ನಮ್ಮ ಹುಡುಗಿ ಹೋಲ್ಡ್‌ನಲ್ಲಿಟ್ಟು, ‘ಕಳೆದುಹೋದ’ ಆ ನಂಬರಿಗೇ ಕರೆ ಮಾಡಿದಳು. ಖಾತೆದಾರರೇ ಎತ್ತಿದರು. ಅವರು ನಮಗೆ ಫೋನೇ ಮಾಡಿರಲಿಲ್ಲ.

☐ ಹಳೆಯ ನಂಬರಿಗೆ ನಾನೇ ಕರೆ ಮಾಡಿ ನೋಡಿದ್ದೇನೆ.

☐ ಈ ಕರೆಯಲ್ಲಿ ಏನೂ ಬದಲಿಸಿಲ್ಲ. ಗುರುತಿನ ಚೀಟಿ ಮತ್ತು ಲೈವ್ ಸೆಲ್ಫಿಯ ಲಿಂಕ್ ಕಳಿಸಿದ್ದೇನೆ. ಅದನ್ನು ನೋಡಿ ಒಪ್ಪಿಗೆ ಕೊಡುವವರು ಬೇರೊಬ್ಬರು, ನಾನಲ್ಲ.

☐ ಅವಸರ ಮಾಡಿದರೆ, ರೇಗಿದರೆ ಹೀಗೆ ಹೇಳಿದ್ದೇನೆ: ‘ನಿಮ್ಮ ತೊಂದರೆ ಅರ್ಥವಾಗುತ್ತೆ ಮೇಡಂ. ನಿಮ್ಮ ಹೆಸರು ಹೇಳಿಕೊಂಡು ಬೇರೆ ಯಾರಾದರೂ ಫೋನ್ ಮಾಡಿದರೂ ನಾನು ಇಷ್ಟೇ ಕೇಳ್ತೀನಿ.’ ನಿಜವಾದ ಗ್ರಾಹಕರನ್ನೂ ಕಾಯಿಸಬೇಕಾಗುತ್ತೆ. ಅವರ ಹತ್ತಿರ ಮೆತ್ತಗೆ ಮಾತಾಡಿ, ನಿಯಮ ಮಾತ್ರ ಸಡಿಲಿಸಬೇಡಿ.

ಬದಲಿಸಿದ ಮೇಲೆ

☐ ಹಳೆಯದು, ಹೊಸದು ಎರಡಕ್ಕೂ ಸಂದೇಶ ಹೋಗಿದೆ. ಹಳೆಯದರಲ್ಲಿ ‘ಇದು ನಾನಲ್ಲ’ ಲಿಂಕ್ ಇದೆ.

☐ ಉಳಿದ ಫೋನ್, ಕಂಪ್ಯೂಟರ್‌ಗಳಿಂದ ಲಾಗೌಟ್ ಮಾಡಿಸಿದ್ದೇನೆ. ಹಣ ತೆಗೆಯುವುದಕ್ಕೆ 72 ಗಂಟೆ ತಡೆ ಹಾಕಿದ್ದೇನೆ.

☐ ಏನೇನು ಪರೀಕ್ಷಿಸಿದೆ ಅಂತ ಟಿಕೆಟ್‌ನಲ್ಲಿ ಬರೆದಿದ್ದೇನೆ. ಒಟಿಪಿ, ಗುರುತಿನ ಚೀಟಿಯ ಸಂಖ್ಯೆ ಬರೆದಿಲ್ಲ.